ಬೆರಳಗಲದ ಕೆಂಚು

ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಹೋದರೆ ನನ್ನ ಪಾರ್ಲರ್‌ಗೆ ಗಿರಾಕಿ ಬರುತ್ತಾರೆ. ಮಗ್ಗ ಆಡುವಾಗ ಈ ಊರಿನ ಹೆಂಗಸರಿಗೆ ತಮಗೊಂದು ತಲೆ ಇದೆ ಅನ್ನುವುದೇ ಮರೆತಿರುತ್ತದೆ. ಲಾಳಿ ನಿಂತ ಕೂಡಲೇ ಒಬ್ಬಳಿಗೆ ಹುಬ್ಬು ಕಾಡುತ್ತದೆ, ಇನ್ನೊಬ್ಬಳಿಗೆ ಬಿಳಿ ಕೂದಲು. ಕರೆಂಟ್ ವಾಪಸ್ ಬಂತೋ, ಅರ್ಧ ಹುಬ್ಬಲ್ಲೇ ಎದ್ದು ಓಡುತ್ತಾರೆ. ಹಾಗೆ ಓಡಿದವರಿಗೆಲ್ಲ ಮಂಗಳಾರತಿ ಮಾಡಿ ಮಾಡಿ ನನ್ನ ಬಾಯಿ ಊರಲ್ಲಿ ಹೆಸರುವಾಸಿಯಾಗಿದೆ. ಮುನಿರತ್ನಮ್ಮನ ಕೈ ಒಳ್ಳೇದು, ಬಾಯಿಗೆ ಮಾತ್ರ ಬೀಗ ಬೇಕು ಅನ್ನುತ್ತಾರೆ. ಅನ್ನಲಿ.

ಪಾಪಕ್ಕ ಬಂದದ್ದೂ ಅಂಥ ಒಂದು ಮಧ್ಯಾಹ್ನವೇ. ತೊಂಬತ್ತೇಳನೇ ಇಸವಿ, ಯುಗಾದಿ ಕಳೆದು ಬಿಸಿಲು ಏರಿತ್ತು. ಅವಳ ಗಂಡ ಆದಿನಾರಾಯಣಪ್ಪ ನೂಲಿಗೆ ಬಣ್ಣ ಹಾಕುವ ಕಸುಬಿನವರು. ನಮ್ಮ ಬೀದಿಯ ಹಿಂದೆಯೇ ಅವರ ಬಣ್ಣದ ಶೆಡ್ಡು. ಮೋರಿಯಲ್ಲಿ ಒಂದು ದಿನ ಗುಲಾಬಿ ನೀರು ಹರಿದರೆ ಇನ್ನೊಂದು ದಿನ ಹಸಿರು. ಪಾಪಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಪಾರ್ಲರ್ ಶೋಕಿ ಇದ್ದವಳಲ್ಲ, ಅದಕ್ಕೆ ಮುಂಚೆ ಒಂದು ಸಲವೂ ನನ್ನ ಮೆಟ್ಟಿಲು ಹತ್ತಿದವಳಲ್ಲ. ಬಂದವಳೇ ಕುರ್ಚಿಯ ಮೇಲೆ ಕೂತು, ಜಡೆ ಬಿಚ್ಚಿ, ಕೈಚೀಲದಿಂದ ಹೇರ್‌ಡೈಯ ಖಾಲಿ ಪೊಟ್ಟಣ ತೆಗೆದು ನನ್ನ ಮುಂದಿಟ್ಟಳು. ಪೊಟ್ಟಣದ ಮೇಲೆ ಕಂದು ಕೂದಲಿನ ಹುಡುಗಿ ನಗುತ್ತಿದ್ದಳು.

ಇದು ಡೂಪ್ಲಿಕೇಟ್ ಮಾಲು ಅಂತ ಅವಳ ವಾದ. ಕಂದು ಬಣ್ಣ ಅಂತ ನೋಡಿಯೇ ತಂದು, ಬುಡದಿಂದ ತುದಿಯವರೆಗೆ ಬಳಿದುಕೊಂಡಿದ್ದಾಳೆ. ಕಂದು ಆಗುವುದಿರಲಿ, ಮೊದಲಿಗಿಂತ ಕಪ್ಪಾಗಿ ಕೂತಿದೆ.

ನಾನು ಕೂದಲು ಎತ್ತಿ ನೋಡಿದೆ. ಬೈತಲೆಯ ಎರಡೂ ಪಕ್ಕ, ಬುಡದಲ್ಲಿ ಒಂದು ಬೆರಳಗಲ, ಚೆಂದದ ಕಂದು. ಕಿಟಕಿಯ ಬೆಳಕಿಗೆ ಕೆಂಚಗೆ ಹೊಳೆಯುತ್ತಿತ್ತು. ಅದರ ಕೆಳಗೆ ಸೊಂಟದವರೆಗೂ ಇದ್ದಿಲು. ತುದಿಗೆ ಹೋದ ಹಾಗೆಲ್ಲ ಕಪ್ಪು ಇನ್ನೂ ದಟ್ಟ, ಹೊಳಪೇ ಇಲ್ಲ, ಮುಟ್ಟಿದರೆ ತೆಂಗಿನ ನಾರು.

ಮಾಲು ಅಸಲಿ, ಬಳಿದುಕೊಂಡವರೇ ಸರಿಯಿಲ್ಲ ಅಂದೆ. ಪಾಪಕ್ಕ ನಗಲಿಲ್ಲ.

ಎಷ್ಟು ವರ್ಷದಿಂದ ಕರೀ ಪುಡಿ ಹಾಕಿಕೊಳ್ಳುತ್ತಿದ್ದಾಳೆ ಅಂತ ಕೇಳಿದೆ. ಸಣ್ಣ ಮಗಳ ನಾಮಕರಣದ ಹೊತ್ತಿಗೆ ತಲೆ ನರೆಯಿತಂತೆ. ಆ ಮಗಳು ಈಗ ಕಾಲೇಜು. ಆಗೆಲ್ಲ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಕರೀ ಪುಡಿ ಒಂದೇ. ಅಲ್ಲಿಂದ ಇಲ್ಲಿಯವರೆಗೆ ತಿಂಗಳು ತಿಂಗಳೂ ಪೂರ್ತಿ ತಲೆಗೆ ಹಾಕಿದ್ದಾಳೆ. ಹಾಕುತ್ತಿದ್ದದ್ದು ಅವಳಲ್ಲ, ಗಂಡ. ಶೆಡ್ಡಿನ ಕೆಲಸ ಮುಗಿಸಿ, ಕೈ ತೊಳೆದುಕೊಂಡು, ಹೆಂಡತಿಯನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ, ಒಂದೆಳೆ ಬಿಡದೆ ಅದ್ದುತ್ತಿದ್ದರಂತೆ. ಬಣ್ಣ ಹಾಕುವವರ ಕೈ ಅದು. ನೂಲಿನ ಲಡಿಯನ್ನು, ಅಂದರೆ ಸುತ್ತಿದ ಕಟ್ಟನ್ನು, ಅರ್ಧ ಮುಳುಗಿಸಿ ಅರ್ಧ ಬಿಟ್ಟರೆ ಪಟ್ಟೆ ಬೀಳುತ್ತದೆ, ಸೀರೆ ಕೆಡುತ್ತದೆ. ಹಾಗಾಗಿ ಲಡಿ ಪೂರ್ತಿ ಮುಳುಗಬೇಕು. ಹೆಂಡತಿಯ ತಲೆಗೂ ಅದೇ ನೇಮ. ಈ ಬೀದಿಯಲ್ಲಿ ಹೆಂಡತಿಯ ತಲೆ ಮುಟ್ಟುವ ಗಂಡಸೇ ಅಪರೂಪ, ಆ ಮನುಷ್ಯ ಪ್ರೀತಿಯಿಂದಲೇ ಮಾಡಿದ್ದು.

ನಾನು ಬಿಡಿಸಿ ಹೇಳಿದೆ. ಕೂದಲು ಬೆಳೆಯುವುದು ಬುಡದಲ್ಲಿ. ತಿಂಗಳಿಗೆ ಒಂದು ಬೆರಳಗಲ ಹೊಸದು ಬಂದರೆ ಹೆಚ್ಚು. ಬಣ್ಣ ಬೇಕಾದ್ದು ಅಷ್ಟಕ್ಕೇ. ಅದರ ಕೆಳಗಿನದು ಹೋದ ತಿಂಗಳೇ ಬಣ್ಣ ಕುಡಿದಿದೆ, ಆ ಬಣ್ಣ ಕೂದಲಿನ ಒಳಗೇ ಕೂತಿದೆ. ಅದರ ಮೇಲೆ ಮತ್ತೆ ಹಾಕಿದರೆ ಹಳೆಯದರ ಜೊತೆಗೆ ಹೊಸದೂ ಸೇರಿಕೊಳ್ಳುತ್ತದೆ. ತುದಿಯ ಕೂದಲು ಎಲ್ಲಕ್ಕಿಂತ ಹಳೆಯದು, ಅತಿ ಹೆಚ್ಚು ಸಲ ಬಣ್ಣ ಕಂಡದ್ದು. ಬಿಸಿಲು, ಸೀಗೆ, ಬಾಚಣಿಗೆ ಎಲ್ಲ ತಿಂದು ಒರಟಾಗಿ, ಹಾಕಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಅದಕ್ಕೇ ತುದಿ ಇದ್ದಿಲಾಗುವುದು. ಈಗ ಅದರ ಮೇಲೆ ಕಂದು ಹಾಕಿದ್ದಾಳೆ. ಕಂದು ಕರಿಯನ್ನು ಅಳಿಸುವುದಿಲ್ಲ, ಅದೂ ಒಂದು ಬಣ್ಣವೇ, ಹೋಗಿ ಕರಿಯ ಜೊತೆ ಕೂತಿದೆ. ಬುಡದಲ್ಲಿ ಬಣ್ಣವೇ ಕಾಣದ ಬಿಳಿ ಕೂದಲಿತ್ತಲ್ಲ, ಅಲ್ಲಿ ಮಾತ್ರ ಪೊಟ್ಟಣದ ಮೇಲಿನ ಬಣ್ಣ ಬಂದಿದೆ.

ಬುಡಕ್ಕೆ ಮಾತ್ರ ಹಚ್ಚಿ ಬಿಡಬೇಕಿತ್ತು, ಕೆಳಗೆ ಮಾಸಿದೆ ಅನ್ನಿಸಿದರೆ ತೊಳೆಯುವ ಮುಂಚೆ ನೀರು ಬೆರೆಸಿ ತೆಳ್ಳಗೆ ಒಂದೆರಡು ನಿಮಿಷ ಬಾಚಿದರೆ ಸಾಕಿತ್ತು ಅಂತಲೂ ಹೇಳಿದೆ. ಆಮೇಲೆ ನನ್ನ ಬಾಯಿ ಸುಮ್ಮನಿರಬೇಕಲ್ಲ. ಈ ವಯಸ್ಸಲ್ಲಿ ಕೆಂಚು ಕೂದಲಿನ ಆಸೆ ಯಾಕೆ, ಯಾರಿಗೆ ತೋರಿಸಬೇಕು ಅಂತ ರೇಗಿಸಿಬಿಟ್ಟೆ.

"ನಮ್ಮವ್ವಂಗೆ ಕಣೆ ರತ್ನ," ಅಂದಳು ಪಾಪಕ್ಕ. "ಅವಳಿಗೆ ನನ್ನ ಗುರುತೇ ಸಿಗ್ತಿಲ್ಲ."

ಅವಳ ತಾಯಿ ಅಕ್ಕಯ್ಯಮ್ಮ ದೊಡ್ಡಬೆಳವಂಗಲದಲ್ಲಿ ಮಗನ ಮನೆಯಲ್ಲಿದ್ದವರು. ಮರೆವು ಹತ್ತಿ, ಒಬ್ಬರೇ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲತೊಡಗಿದ್ದರಂತೆ. ಕೇಳಿದರೆ, ಕೆಂಚಿ ಬರುತ್ತಾಳೆ, ಕರೆದುಕೊಂಡು ಹೋಗಲು ಬಂದೆ ಅನ್ನುವುದು. ಪಾಪಕ್ಕನಿಗೆ ಹುಟ್ಟಿನಿಂದ ಕೆಂಚು ಕೂದಲು, ತಾಯಿ ಕರೆದದ್ದು ಕೆಂಚಿ ಅಂತಲೇ. ಅಷ್ಟು ಹುಡುಕುತ್ತಾಳಲ್ಲ ಅಂತ ಪಾಪಕ್ಕ ಹೋಗಿ ತಾಯಿಯನ್ನು ತನ್ನ ಮನೆಗೇ ಕರೆತಂದಳು. ಬಂದ ಮೇಲೆ ಮುದುಕಿ ಇವಳ ಕಪ್ಪು ಜಡೆ ನೋಡಿ, ನೀನ್ಯಾರಮ್ಮ, ನನ್ನ ಮಗಳ ಮನೆಯಲ್ಲಿ ನಿನಗೇನು ಕೆಲಸ ಅಂತ ಕೇಳಿತು. ಹದಿನಾರು ಹದಿನೇಳು ವರ್ಷ ಮಗಳ ಕಪ್ಪು ತಲೆ ಕಂಡಿದ್ದರೂ ಆ ವರ್ಷಗಳೆಲ್ಲ ಅವರಿಂದ ಅಳಿಸಿಹೋಗಿದ್ದವು. ಉಳಿದದ್ದು ಅದಕ್ಕೂ ಹಿಂದಿನ ಕೆಂಚಿ.

ತೊಂದರೆ ಬಂದದ್ದು ಊಟಕ್ಕೆ. ಪರರ ಕೈಯಲ್ಲಿ ಉಣ್ಣುವುದಿಲ್ಲ, ಕೆಂಚಿ ಬರಲಿ, ಅವಳು ಇಕ್ಕಿದರೆ ಉಣ್ಣುತ್ತೇನೆ ಅಂತ ಮುದುಕಿಯ ಹಟ. ಬಲವಂತ ಮಾಡಿದರೆ ಬಾಯಿ ಬಿಗಿದುಕೊಳ್ಳುವುದು, ತಟ್ಟೆ ತಳ್ಳುವುದು. ಯಾರೂ ಇಲ್ಲದಾಗ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ. ಬಳೆ ಮೊಣಕೈಗೆ ಜಾರುವಷ್ಟು ಸೊರಗಿದ್ದರು.

ಅದಕ್ಕೇ ಪಾಪಕ್ಕ ಆ ಕಂದು ಪೊಟ್ಟಣ ತಂದದ್ದು. ಬಳಿದುಕೊಂಡ ಮಾರನೇ ದಿನ ತಾಯಿಯ ಕಾಲುಗುರು ಕತ್ತರಿಸಲು ಬಗ್ಗಿ ಕೂತಿದ್ದಾಳೆ. ಮುದುಕಿ ಮಗಳ ಬೈತಲೆಯ ಮೇಲೆ ಕೈಯಿಟ್ಟು ಸವರಿ, ಕೆಂಚೀ, ಯಾವಾಗ ಬಂದೆ ಅಂದರಂತೆ. ಪಾಪಕ್ಕ ಅಳುತ್ತಾ ತಲೆ ಎತ್ತಿದಳು. ಎತ್ತಿದ್ದೇ ಕಪ್ಪು ಜಡೆ ಮುಂದೆ ಬಿತ್ತು. ಮುದುಕಿ ಕೈ ಹಿಂದಕ್ಕೆ ಎಳೆದುಕೊಂಡಿತು.

"ಒಂದು ಬೆರಳಗಲಕ್ಕೆ ಗುರುತು ಹಿಡಿದ್ಲು ಕಣೆ," ಅಂದಳು ಪಾಪಕ್ಕ. "ಮಿಕ್ಕಿದ್ದನ್ನೂ ಹಂಗೇ ಮಾಡ್ಕೊಡು."

ನನಗೆ ನಾಚಿಕೆಯಾಯಿತು. ರೇಗಿಸಿದ ಮಾತನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು. ಅಷ್ಟರಲ್ಲಿ ಕರೆಂಟ್ ಬಂದು ಬೀದಿ ತುಂಬ ಮಗ್ಗ ಆಡತೊಡಗಿದವು. ಪಾಪಕ್ಕ ಏಳಲಿಲ್ಲ.

ಸುಳ್ಳು ಆಸೆ ಹುಟ್ಟಿಸುವ ಜಾತಿ ನನ್ನದಲ್ಲ. ಮೊದಲು ಪರೀಕ್ಷೆ ಮಾಡೋಣ ಅಂದೆ. ಕತ್ತಿನ ಹಿಂದೆ, ಒಳಗಡೆಯಿಂದ, ಬುಡಕ್ಕೇ ಕತ್ತರಿ ಹಾಕಿ ಒಂದು ಸಣ್ಣ ಎಳೆ ತೆಗೆದೆ. ನಾನು ಕೆಲಸ ಕಲಿತದ್ದು ಮಲ್ಲೇಶ್ವರದಲ್ಲಿ. ಅಲ್ಲಿಂದ ತಂದ ಬ್ಲೀಚ್ ಪುಡಿ ಕಲಸಿ ಆ ಎಳೆಗೆ ಹಚ್ಚಿ ತಟ್ಟೆಯಲ್ಲಿಟ್ಟೆ. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಬುಡದ ಕಂದು ಬೇಗ ಬಿಟ್ಟು ಹಳದಿಯಾಯಿತು. ನಡುಭಾಗ ತುಕ್ಕಿನ ಬಣ್ಣಕ್ಕೆ ಬಂದು ನಿಂತಿತು. ತುದಿ ಕಪ್ಪಾಗಿಯೇ ಉಳಿಯಿತು. ತೊಳೆದು ಮೆಲ್ಲಗೆ ಎಳೆದರೆ ತುದಿಯ ಕಡೆ ಪಟಪಟ ಕಿತ್ತು ಕೈಗೆ ಬಂತು. ವರ್ಷಗಟ್ಟಲೆ ತುಂಬಿದ ಕಪ್ಪನ್ನು ಹೊರಗೆ ತೆಗೆಯುವಷ್ಟರಲ್ಲಿ ಕೂದಲೇ ಉಳಿಯುವುದಿಲ್ಲ.

ಸಂಜೆ ಆದಿನಾರಾಯಣಪ್ಪನವರೇ ಹೆಂಡತಿಯನ್ನು ಹುಡುಕಿಕೊಂಡು ಬಂದರು. ಉಗುರಿನ ಸಂದಿಯಲ್ಲೆಲ್ಲ ನೇರಳೆ ಬಣ್ಣ. ಬಾಗಿಲಲ್ಲೇ ನಿಂತು, ತಪ್ಪಾಗಿ ಬಣ್ಣ ಹಿಡಿದ ಲಡಿಯನ್ನು ತಾವು ಬಣ್ಣ ಎಳೆಯುವ ಪುಡಿ ಹಾಕಿ ಬಿಸಿನೀರಲ್ಲಿ ಕುದಿಸಿ ಬಿಳಿ ಮಾಡುತ್ತೇವೆ, ಅದನ್ನೇ ತೆಳ್ಳಗೆ ಮಾಡಿ ಇವಳಿಗೆ ಹಾಕಿದರೆ ಹೇಗೆ ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಲಡಿಯ ಕೆಳಗೆ ಚರ್ಮ ಇರುವುದಿಲ್ಲ, ಇವಳಿಗೆ ಇದೆ, ಸುಟ್ಟು ಬೊಬ್ಬೆ ಬಂದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಅವರು ತಲೆ ತಗ್ಗಿಸಿದರು.

"ಪಟ್ಟೆ ಬೀಳುತ್ತೆ ಅಂತ ಇಡೀ ತಲೆಗೆ ಹಾಕ್ದೆ ಕಣಮ್ಮ," ಅಂದರು. "ಇಷ್ಟು ವರ್ಷದ ಕಸುಬು. ಬಣ್ಣದ ಮೇಲೆ ಬಣ್ಣ ಹಾಕಿದ್ರೆ ಗಾಢ ಆಗುತ್ತೆ ಅಂತ ನನಗೆ ಗೊತ್ತಿಲ್ದೇ ಇರುತ್ತಾ? ಇವಳ ತಲೆ ವಿಷಯದಲ್ಲಿ ಹೊಳೀಲೇ ಇಲ್ಲ."

"ನಿಮ್ಮ ನೂಲು ಬೆಳೆಯಲ್ಲ ಅಲ್ವಾ ಯಜಮಾನ್ರೇ," ಅಂದೆ. ಸಮಾಧಾನಕ್ಕೆ ಅಂದದ್ದು, ಆದರೆ ಅವರು ಗೋಡೆ ಕಡೆ ತಿರುಗಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ದಾರಿ ಒಂದೇ ಇತ್ತು. ಕರೀ ಕೂದಲನ್ನು ಪೂರ್ತಿ ತೆಗೆಯುವುದು. ಕೆಂಚಗಿರುವುದು ಬೆರಳಗಲ ಮಾತ್ರ, ಅಲ್ಲಿಗೆ ಕತ್ತರಿಸಿದರೂ ಒಂದೇ, ಬೋಳಿಸಿದರೂ ಒಂದೇ. ಬೋಳಿಸಿದರೆ ಬರುವುದೆಲ್ಲ ಹೊಸದು, ಬಣ್ಣ ಕಾಣದ್ದು. ಮೂರು ನಾಲ್ಕು ತಿಂಗಳಲ್ಲಿ ಹುಡುಗರ ಕ್ರಾಪಿನಷ್ಟು ಬಂದಾಗ ಅದಕ್ಕೆ ಕಂದು ಹಾಕಿದರೆ ತಲೆಯೆಲ್ಲ ಒಂದೇ ಸಮ ಕೆಂಚು. ಸೊಂಟ ಮುಟ್ಟುವ ಕೂದಲಿನ ಮುತ್ತೈದೆಗೆ ಈ ಮಾತು ಹೇಳುವುದು ಸುಲಭವಲ್ಲ.

ಪಾಪಕ್ಕ ಜಡೆಯನ್ನು ಮಡಿಲಿಗೆ ಎಳೆದುಕೊಂಡು ತುದಿಯವರೆಗೂ ಸವರಿದಳು. ಆಮೇಲೆ, ತಿರುಪತಿಗೆ ಒಂದು ಹರಕೆ ಬಾಕಿ ಇದೆ ಅಂತ ಅತ್ತೆ ಮನೆಯವರಿಗೆ ಹೇಳಿದರಾಯಿತು ಅಂದಳು. ಮುಂದಿನ ಶನಿವಾರ ಗಂಡ ಹೆಂಡತಿ ಬೆಟ್ಟ ಹತ್ತಿ ಮುಡಿ ಕೊಟ್ಟು ಬಂದರು.

ಬೀದಿಯ ಬಾಯಿ ಸುಮ್ಮನಿರಲಿಲ್ಲ. ಗಂಡನ ಆಯಸ್ಸಿಗೆ ಗಂಡಾಂತರ ಇತ್ತಂತೆ ಅಂದರು, ತಲೆಯಲ್ಲಿ ಹುಣ್ಣಂತೆ ಅಂದರು. ಪಾರ್ಲರಿಗೆ ಹೋಗಿ ಕೆಡಿಸಿಕೊಂಡಳು ಅಂತಲೂ ಒಬ್ಬಳು ಅಂದಳಂತೆ. ಅವಳ ಹುಬ್ಬು ಇವತ್ತಿಗೂ ನನ್ನ ಕೈಯಲ್ಲೇ ಇದೆ, ಅದು ಬೇರೆ ವಿಷಯ. ಪಾಪಕ್ಕ ಸೆರಗು ಹೊದ್ದು ಓಡಾಡಿದಳು. ಬೀದಿಯಲ್ಲಿ ಸಿಕ್ಕಾಗಲೆಲ್ಲ ನಾನು ಸೆರಗು ಸರಿಸಿ ನೋಡುತ್ತಿದ್ದೆ. ಪೂರ್ತಿ ಬಿಳಿ, ರಾಗಿಯ ಮೊಳಕೆಯಷ್ಟು. ಇನ್ನೂ ಬೆಳೆಯಲಿ, ತಾಳ್ಮೆ ಇರಲಿ ಅನ್ನುತ್ತಿದ್ದೆ. ತಾಯಿ ಹೇಗಿದ್ದಾರೆ ಅಂತ ಕೇಳಿದರೆ, ಈಗ ಒಂದಿಷ್ಟು ಉಣ್ಣುತ್ತಾಳೆ ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಒಳ್ಳೆಯದಾಯಿತು ಅಂತ ನಾನೂ ಕೆದಕಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಕೂದಲು ಬಾಚಣಿಗೆಗೆ ಸಿಗುವಷ್ಟಾಯಿತು. ಕಿವಿಯ ಹಿಂದೆ ಒಂದು ಚೂರು ಬಣ್ಣ ಹಚ್ಚಿ, ತುರಿಕೆ ಇಲ್ಲ ಅಂತ ಎರಡು ದಿನ ನೋಡಿದೆ. ಹಬ್ಬಕ್ಕೆ ಮುಂಚೆ ಮನೆಗೇ ಬಂದು ಹಾಕುತ್ತೇನೆ, ನಿಮ್ಮವ್ವ ಮಗಳನ್ನು ಕೆಂಚಿ ಅನ್ನುವುದನ್ನು ನಾನೂ ಕೇಳಬೇಕು ಅಂದೆ. ನಿಜವಾಗಿಯೂ ಹಬ್ಬಕ್ಕೆ ಹೊರಟವಳ ಹಾಗೆ ಖುಷಿಯಾಗಿದ್ದೆ. ನಮ್ಮ ಕೆಲಸದಲ್ಲಿ ಇಂಥದ್ದು ಎಷ್ಟು ಸಲ ಸಿಗುತ್ತದೆ? ಹುಬ್ಬು ಕಿತ್ತು, ಮುಖ ತಿಕ್ಕಿ, ಜನ್ಮ ಸವೆಯುತ್ತದೆ.

ಅವರ ಮನೆಯ ನಡುಮನೆಯಲ್ಲಿ ಮುದುಕಿ ಚಾಪೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ನಾನು ಹಿತ್ತಲ ಬಾಗಿಲ ಹತ್ತಿರ ಪಿಂಗಾಣಿ ಬಟ್ಟಲಲ್ಲಿ ಬಣ್ಣ ಕಲಸಿದೆ. ಪಾಪಕ್ಕನ ಹೆಗಲಿಗೆ ಹಳೇ ಟವೆಲ್ ಹೊದಿಸಿದೆ. ಅಷ್ಟರಲ್ಲಿ ಒಳಗಿಂದ ಮುದುಕಿ ಕರೆಯಿತು.

"ಅವ್ವಾ, ಹಸಿವು."

ಮೊಮ್ಮಗಳನ್ನೋ ಯಾರನ್ನೋ ಕರೆಯುತ್ತಿರಬೇಕು ಅಂದುಕೊಂಡೆ. ಪಾಪಕ್ಕ ಟವೆಲ್ ಹೊದ್ದುಕೊಂಡೇ ಎದ್ದು, ತಟ್ಟೆಯಲ್ಲಿ ಮುದ್ದೆ ಸಾರು ಹಾಕಿಕೊಂಡು ಹೋಗಿ ತಾಯಿಯ ಮುಂದೆ ಕೂತಳು. ಸೆರಗು ಇಲ್ಲದ ಬಿಳಿ ತಲೆ. ಮುದುಕಿ ಕೈಚಾಚಿ ಆ ಗಿಡ್ಡ ಕೂದಲನ್ನು ಮಗುವಿನ ಹಾಗೆ ಸವರಿ, ಬಾಯಿ ತೆರೆಯಿತು. ಒಂದೊಂದೇ ತುತ್ತು ಒಳಗೆ ಹೋಯಿತು. ಕೈಯಲ್ಲಿ ಬಳೆ ತನ್ನ ಜಾಗದಲ್ಲಿ ನಿಂತಿತ್ತು.

ನಾನು ಪಾಪಕ್ಕನ ಮುಖ ನೋಡಿದೆ. ಅವಳೇ ಸಣ್ಣ ದನಿಯಲ್ಲಿ ಹೇಳಿದಳು. ಅವಳ ಅಜ್ಜಿ, ಅಂದರೆ ಅಕ್ಕಯ್ಯಮ್ಮನ ತಾಯಿ, ವರ್ಷ ವರ್ಷವೂ ತಿರುಪತಿಗೆ ಮುಡಿ ಕೊಡುತ್ತಿದ್ದವಳು. ಅವಳ ತಲೆ ಯಾವಾಗಲೂ ಹೀಗೇ, ಗಿಡ್ಡ, ಬಿಳಿ. ಬೆಟ್ಟದಿಂದ ಬಂದ ಸ್ವಲ್ಪ ದಿನಕ್ಕೆ ಮುದುಕಿ ಇವಳ ಮೊಳಕೆ ತಲೆ ಮುಟ್ಟಿ ಅವ್ವ ಅಂದಿದ್ದಾರೆ. ಅವತ್ತೇ ಬಾಯಿ ತೆರೆದು ಉಂಡಿದ್ದಾರೆ.

ಇದನ್ನು ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಿದರೆ ನಿಜವಾಗಿಬಿಡುತ್ತದೆ ಅಂತ ಅಂದಳು. ಕೂದಲು ಬೆಳೆಯಲಿ, ಬಣ್ಣ ಹಾಕಿಸಿಕೊಂಡರೆ ಕೆಂಚಿ ಆಗುತ್ತೇನೆ ಅಂತ ದಿನಾ ಕನ್ನಡಿ ನೋಡಿಕೊಂಡಿದ್ದಳಂತೆ.

ಊಟ ಮುಗಿಯುತ್ತಾ ಬಂದಾಗ ಮುದುಕಿ ಬಾಗಿಲ ಕಡೆ ನೋಡಿ ಕೇಳಿದರು.

"ಅವ್ವಾ, ನನ್ನ ಮಗಳು ಕೆಂಚಿ ಬಂದ್ಲಾ?"

ಪಾಪಕ್ಕನ ಕೈ ತಟ್ಟೆಯಲ್ಲೇ ನಿಂತಿತು. ಮಗಳು ಇಲ್ಲೇ, ಎದುರಿಗೇ, ತುತ್ತು ಹಿಡಿದು ಕೂತಿದ್ದಾಳೆ ಅಂತ ಕೂಗಿ ಹೇಳಬೇಕು ಅನ್ನಿಸಿತು ನನಗೆ.

"ಬರ್ತಾಳೆ ಕಣವ್ವ," ಅಂದಳು ಪಾಪಕ್ಕ. "ನೀನು ಉಣ್ಣು."

ತಾಯಿಯ ಬಾಯಿ ಒರೆಸಿ, ಮಲಗಿಸಿ, ಅವಳು ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತಳು. ಗಂಡ ತಿಂಗಳು ತಿಂಗಳೂ ಕೂರಿಸುತ್ತಿದ್ದ ಅದೇ ಕಲ್ಲು. ಆದಿನಾರಾಯಣಪ್ಪನವರು ಶೆಡ್ಡಿನ ಬಾಗಿಲಿಗೆ ಬಂದು ನಿಂತು ಬಟ್ಟಲನ್ನೇ ನೋಡುತ್ತಿದ್ದರು. ನಾನು ಬ್ರಷ್ ಕೈಗೆ ತೆಗೆದುಕೊಂಡೆ. ಈ ಸಲ ಸರಿಯಾಗಿ ಬರುತ್ತದೆ, ಬಿಳಿ ಕೂದಲು, ಹಳೇ ಬಣ್ಣ ಒಂದು ಚೂರೂ ಇಲ್ಲ, ಪೊಟ್ಟಣದ ಮೇಲಿರುವ ಹಾಗೇ ಬರುತ್ತದೆ ಅಂದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಬೇಡ ಬಿಡು ರತ್ನ. ಕೆಂಚಿ ಬರ್ದಿದ್ರೆ ಕಾಯ್ತಾಳೆ, ಅವ್ವ ಇದ್ದಾಳಲ್ಲ ಅಂತ ಉಣ್ತಾಳೆ. ಈಗ ಇದನ್ನ ಹಾಕ್ಕೊಂಡ್ರೆ ಅವ್ವ ಎಲ್ಲಿ ಹೋದ್ಲು ಅಂತ ಅಳ್ತಾಳೆ. ತಾಯಿನ ಎರಡು ಸಲ ಕಳ್ಕೊಳ್ಳೋ ಶಕ್ತಿ ಇಲ್ಲ ಅವಳಿಗೆ."

"ನಿಮಗೆ?" ಅಂದೆ. ಕೇಳಬಾರದಿತ್ತೇನೋ.

"ನನ್ನನ್ನ ಆ ಹೆಸರಲ್ಲಿ ಕರೆಯೋರು ಅವಳೊಬ್ಬಳೇ ಇದ್ದದ್ದು," ಅಂದಳು. ಆಮೇಲೆ ಟವೆಲ್‌ನಿಂದ ಮುಖ ಮುಚ್ಚಿಕೊಂಡು ಅತ್ತಳು. ಮಗ್ಗದ ಸದ್ದಿನಲ್ಲಿ ಒಳಗಿದ್ದವರಿಗೆ ಕೇಳಿಸಲಿಲ್ಲ. ನಾನು ಅವಳ ಪಕ್ಕ ಕೂತು ಬೆನ್ನು ಸವರಿದೆ, ನನಗೂ ಅಳು ತಡೆಯಲಾಗಲಿಲ್ಲ. ಆದಿನಾರಾಯಣಪ್ಪನವರು ಹತ್ತಿರ ಬಂದರು, ಏನು ಮಾಡಬೇಕೋ ತಿಳಿಯದೆ ಹೆಂಡತಿಯ ತಲೆಯ ಮೇಲೆ ಆ ನೇರಳೆ ಕೈ ಇಟ್ಟುಕೊಂಡು ನಿಂತರು.

ಕಲಸಿದ ಬಣ್ಣ ಗಾಳಿಗೆ ಬಿಟ್ಟರೆ ಬಟ್ಟಲಲ್ಲೇ ಕಪ್ಪಾಗುತ್ತದೆ, ಆಮೇಲೆ ಅದು ಯಾರ ತಲೆಗೂ ಬರುವುದಿಲ್ಲ. ನಾನು ಎದ್ದು ಅದನ್ನು ಮೋರಿಗೆ ಸುರಿದು ಬಟ್ಟಲು ತೊಳೆದೆ.

ಅಕ್ಕಯ್ಯಮ್ಮ ಅದಾದ ಮೇಲೆ ಒಂದೂವರೆ ವರ್ಷ ಇದ್ದರು. ಕೂದಲು ಉದ್ದವಾದಾಗಲೆಲ್ಲ ಪಾಪಕ್ಕ ಪಾರ್ಲರಿಗೆ ಬಂದು ಕೂರುತ್ತಿದ್ದಳು, ನಾನು ಗಿಡ್ಡಗೆ ಕತ್ತರಿಸುತ್ತಿದ್ದೆ. ಉದುರಿದ ಬಿಳಿ ಕೂದಲನ್ನು ಅವಳೇ ಗುಡಿಸಿ ಹಾಕುತ್ತಿದ್ದಳು. ಕೊನೆಯ ದಿನ ಮುದುಕಿ ಮಗಳ ತೊಡೆಯ ಮೇಲೆ ತಲೆಯಿಟ್ಟು, ಅವ್ವಾ, ಕೆಂಚಿ ಬಂದರೆ ಉಣ್ಣಕ್ಕಿಕ್ಕು, ದೂರದಿಂದ ಬರುತ್ತಾಳೆ ಅಂದರಂತೆ. ಇಕ್ಕುತ್ತೀನಿ ಅಂದಳಂತೆ ಪಾಪಕ್ಕ.